ಅವಸರದಲ್ಲಿ ಬೆಂದ ಸೆಟ್ಟು

ಮೂವತ್ತು ವರ್ಷ ಹಲ್ಲಿನ ಸೆಟ್ಟು ಕಟ್ಟಿದ್ದ ಲ್ಯಾಬಿನ, ಎಲ್ಲರೂ ಮೇಷ್ಟ್ರು ಎಂದೇ ಕರೆಯುವ ಹಿರಿಯ ಕೆಲಸಗಾರರ ಮುಂದೆ ಒಬ್ಬ ಹೆಂಗಸು ತೀರಿಕೊಂಡ ಗಂಡನ ಮೇಲ್ದವಡೆಯ ಸೆಟ್ಟನ್ನು ಇಟ್ಟಳು.

“ಬೇರೆ ಯಾರಿಗಾದ್ರೂ ಆಗುತ್ತಾ ನೋಡಿ ಅಣ್ಣಾ. ಇದು ಬಂದ ಮೇಲೆ ಅವರು ಮಾತೇ ಬಿಟ್ರು. ಆರು ತಿಂಗಳು ಬರೀ ಹೂಂ, ಉಹೂಂ. ನನ್ಮೇಲೆ ಏನು ಸಿಟ್ಟಿತ್ತೋ.”

ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದರು. ದಪ್ಪಗಿದ್ದ ಕಡೆಯೆಲ್ಲ ಒಳಗೆ ಗುಳ್ಳೆ. ಕಪಾಟಿನಲ್ಲಿದ್ದ ಆತನ ದವಡೆಯ ಅಚ್ಚಿನ ಮೇಲಿಟ್ಟರೆ ಅಂಗುಳಿನ ಹಿಂದೆ ಸಂದು. ಅದು ಅವರೇ ಕಟ್ಟಿದ್ದ ಸೆಟ್ಟು.

ರಿಪೇರಿಗೆ ಬಳಸುವ ಕೋಲ್ಡ್ ಕ್ಯೂರ್ ಪ್ಲಾಸ್ಟಿಕ್ಕು ಬಿಸಿಯಿಲ್ಲದೆಯೇ ಬೇಗ ಗಟ್ಟಿಯಾಗುತ್ತದೆ. ಸೆಟ್ಟು ಕಟ್ಟುವ ಹೀಟ್ ಕ್ಯೂರ್ ಗಟ್ಟಿಮುಟ್ಟು, ಆದರೆ ನಿಧಾನವಾಗಿ ಕಾಯಬೇಕು, ನಿಧಾನವಾಗಿ ಆರಬೇಕು. ಈ ಸೆಟ್ಟು ಕಟ್ಟಿದ ದಿನ ಅವರು ಅವಸರಕ್ಕೆ ಬಿದ್ದು ಅಚ್ಚಿನ ಡಬ್ಬಿಯನ್ನು ನೇರ ಕುದಿನೀರಿಗೆ ಹಾಕಿ, ಬಿಸಿಯಿರುವಾಗಲೇ ಬಿಚ್ಚಿದ್ದರು. ಪ್ಲಾಸ್ಟಿಕ್ಕಿಗೆ ಬೆರೆಸಿದ್ದ ದ್ರವ ಕುದ್ದು ಗುಳ್ಳೆಯಾಗಿತ್ತು, ಸೆಟ್ಟು ಸೊಟ್ಟಗಾಗಿತ್ತು.

“ಸಿಟ್ಟಲ್ಲಮ್ಮ. ಬಾಯಿ ತೆರೆದ್ರೆ ಇದು ಜಾರ್ತಿತ್ತು. ತಪ್ಪು ನಂದು.”

ಆಕೆ ಸೆಟ್ಟನ್ನು ವಾಪಸ್ ಕೈಗೆತ್ತಿಕೊಂಡಳು. “ಹಾಗಾದ್ರೆ ಅವರು ನಂಗೆ ಏನು ಹೇಳ್ಬೇಕು ಅಂತಿದ್ರೋ,” ಎಂದು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಆ ಪ್ರಶ್ನೆ ಮೇಷ್ಟ್ರನ್ನು ಬಿಡಲಿಲ್ಲ. ಎದುರಿನ ಬೆಂಚಿನಲ್ಲಿ ಯಾರೋ ಬಾಯಿ ಮುಚ್ಚಿ ಕೂತಿದ್ದಾರೆ ಎನಿಸಿ, ಹಾಡುಹಗಲಲ್ಲೇ ಕತ್ತೆತ್ತಿ ನೋಡುತ್ತಿದ್ದರು.