ಮೂರು ಕಾಲಿನ ನವಿಲು

ಗಂಗಾವತಿಯಲ್ಲಿ ಮದುವೆ ರವಿಕೆಗೆ ಕಸೂತಿ ಹಾಕುವ ತಾಹೇರ, ಎದುರಂಗಡಿಯ ಗಾಜಿನೊಳಗೆ ತೂಗುಹಾಕಿದ್ದ ರವಿಕೆಯ ಮೇಲೆ ತನ್ನದೇ ನವಿಲನ್ನು ಕಂಡು ಬೆಪ್ಪಾದಳು. ಅವಸರದಲ್ಲಿ ತಾನು ಕೈತಪ್ಪಿ ಹಾಕಿದ್ದ ಮೂರನೇ ಕಾಲೂ ಅದಕ್ಕಿತ್ತು!

ಆ ಮಾದರಿಯ ಫೋಟೊವನ್ನು ಹೋದ ವಾರ ಅವಳು ಕಳಿಸಿದ್ದು ಗಿರಾಕಿ ದಾನೇಶ್ವರಿಗೆ ಮಾತ್ರ, ಅದೂ ಒಮ್ಮೆ ತೆರೆದು ಮುಚ್ಚಿದರೆ ಮತ್ತೆ ಕಾಣದ ಹಾಗೆ. ಅಂಥ ಫೋಟೊದ ಸ್ಕ್ರೀನ್‌ಶಾಟ್ ತೆಗೆಯಲು ಆ್ಯಪ್ ಬಿಡುವುದಿಲ್ಲ. ಹಾಗಾದರೆ ನವಿಲು ಹೊರಬಿದ್ದದ್ದು ಹೇಗೆ?

"ಸ್ಕ್ರೀನ್‌ಶಾಟ್ ಬರಲಿಲ್ರಿ ಅಕ್ಕಾರ," ಎಂದಳು ದಾನೇಶ್ವರಿ. "ಅದಕ್ಕ ನನ್ನ ಫೋನಿನಾಗ ತೆರೆದಿಟ್ಟು, ಅವ್ವನ ಫೋನಿಲೆ ಫೋಟೊ ಹೊಡಕೊಂಡೆ. ಇಂಥದ್ದು ಹೊಲಿತೀರೇನು ಅಂತ ಎದುರಂಗಡ್ಯಾಗೂ ಕೇಳಿದೆ."

"ಯಾರಿಗೂ ತೋರಿಸಬ್ಯಾಡ ಅಂತ ಬರದಿದ್ನಲ್ಲವಾ!"

"ಎಲ್ಲಿ ಬರದೀರಿ? ತೋರಸ್ರಿ."

ತಾಹೇರ ಫೋನು ತಡಕಾಡಿದಳು. ಗುಟ್ಟು ಗುಟ್ಟಾಗೇ ಇರಲೆಂದು, ಮೆಸೇಜುಗಳು ಒಂದು ದಿನಕ್ಕೆ ತಾವಾಗಿಯೇ ಅಳಿಯುವಂತೆ ಇಟ್ಟವಳು ಅವಳೇ. ಆ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದಿಡಬಹುದಿತ್ತು, ತೋಚಿರಲಿಲ್ಲ. ಈಗ ಇಬ್ಬರ ಫೋನಿನಲ್ಲೂ ಆ ಮಾತಿಲ್ಲ.

ಎದುರಿನ ಗಾಜಿನೊಳಗೆ ನವಿಲು ಮಾತ್ರ ಮೂರೂ ಕಾಲೂರಿ ನಿಂತಿತ್ತು.