ತನಿಯಲ್ಲಿ ಪಂಚಶೀಲಾಳ ಸರದಿ

ಕಮಲಾಪುರದ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕಿಯಾಗಿರುವ ಪಂಚಶೀಲಾಳ ಧ್ವನಿ ಊರಿಗೆಲ್ಲ ಪರಿಚಿತ. ಕಲಬುರಗಿ ಬಸ್ಸು ಯಾವ ಫಲಕದೆದುರು ನಿಂತಿದೆ ಎಂದು ಅವಳು ಕೂಗಿದರೆ, ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತವರು ಕೂಡ ತಿರುಗಿ ನೋಡುತ್ತಾರೆ. ಆದರೆ ಅವಳು ಮೋರ್ಸಿಂಗ್ ನುಡಿಸುತ್ತಾಳೆಂಬುದನ್ನು ಅಲ್ಲಿ ಯಾರೂ ನಂಬುತ್ತಿರಲಿಲ್ಲ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಕಬ್ಬಿಣದ ವಾದ್ಯ ಅದು. ಹಲ್ಲಿಗೆ ಆನಿಸಿಕೊಂಡು, ನಡುವಿನ ನಾಲಗೆಯಂಥ ಕಡ್ಡಿಯನ್ನು ಬೆರಳಿನಿಂದ ಮೀಟಬೇಕು. ಮೃದಂಗದ ಸೊಲ್ಲುಗಳನ್ನೆಲ್ಲ ಬಾಯೊಳಗಿನ ನಾಲಗೆ ಮತ್ತು ಉಸಿರಿನಿಂದಲೇ ನುಡಿಸಬೇಕು.

ಪ್ರತಿ ಭಾನುವಾರ ಅವಳು ಅಭ್ಯಾಸಕ್ಕೆಂದು ಕಲಬುರಗಿಗೆ ಹೋಗುತ್ತಿದ್ದಳು. ಕೋಟೆಯ ಹತ್ತಿರ ಪವಮಾನ ಮಾಸ್ತರರ ಮನೆ. ಅವರು ಮೃದಂಗ, ಬಂಡುಕಾಕಾ ಘಟ, ಬಟ್ಟೆ ಅಂಗಡಿಯ ಜೀಶಾನ್ ಖಂಜಿರ. ಹಾಡುವವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಶುಭದಾ. ಹಿಂದೂಸ್ತಾನಿಯೇ ಮನೆಮಾತಾದ ನಗರದಲ್ಲಿ ಈ ಕರ್ನಾಟಕ ಸಂಗೀತದ ಬಳಗವನ್ನು ಹಟದಿಂದ ಕಟ್ಟಿದವರು ಬಂಡುಕಾಕಾ. ಕಚೇರಿ ಗೊತ್ತುಮಾಡುವುದು, ವೇಳೆ ಹಂಚುವುದು ಅವರದೇ ಕೆಲಸ. ವೇಳೆ ಸಾಲದಿದ್ದರೆ, ತಾಳವಾದ್ಯಗಳೇ ನುಡಿಯುವ ತನಿ ಆವರ್ತನದಲ್ಲಿ ಮೊದಲು ಕತ್ತರಿ ಬೀಳುತ್ತಿದ್ದುದು ಮೋರ್ಸಿಂಗಿಗೆ. ಏಕೆಂದರೆ ಅದರ ಸರದಿ ಕೊನೆಯದು.

ಆದರೆ ಈ ಸಲದ ಕಚೇರಿ ಕಮಲಾಪುರದಲ್ಲಿಯೇ ಇತ್ತು. ಮುಂದಿನ ಸಾಲಿನಲ್ಲಿ ಅವಳ ತಾಯಿ ಪುತಳಾಬಾಯಿ ಕೂಡುವವಳಿದ್ದಳು. ಹಿಂದೆ ಡಿಪೋದ ಚಾಲಕರು, ನಿರ್ವಾಹಕರು. ತನ್ನ ಊರಿನವರ ಎದುರು ತನ್ನದೊಂದು ಸರದಿ ಸಿಗಬೇಕೆಂಬುದಷ್ಟೇ ಪಂಚಶೀಲಾಳ ಆಸೆ.

ಸಂಜೆ ಸಮುದಾಯ ಭವನಕ್ಕೆ ಕಾಲಿಟ್ಟ ಕೂಡಲೇ ಬಂಡುಕಾಕಾ ಹೇಳಿಬಿಟ್ಟರು: "ಮದುವಿ ಮಂದಿ ಬರ್ತಾರಂತ, ಒಂಬತ್ತಕ್ಕ ಭವನ ಬಿಡಬೇಕು. ತನಿಯೊಳಗ ಮೃದಂಗ, ಘಟ ಅಷ್ಟ. ಜೀಶಾನ್, ನೀನೂ ಪಂಚಶೀಲಾನೂ ಕಡೀಕ್ ಮುಕ್ತಾಯದಾಗ ಕೂಡ್ಕೋರಿ."

"ಕಾಕಾ, ಇದು ನಮ್ಮೂರು ರೀ," ಎಂದಳು ಪಂಚಶೀಲಾ.

"ಊರು ನಿಂದ ಅದವಾ, ಗಡಿಯಾರ ನಂದಲ್ಲ. ಘಟ, ಖಂಜಿರ, ಮೋರ್ಸಿಂಗ್ ಮೂರೂ ಅದ ಮಾತು ಆಡ್ತಾವ. ಒಂದು ಆಡಿದ್ರ ಸಾಲದೇನು?"

"ಅದ ಮಾತು ನೀವು ಆಡೂದು ಬ್ಯಾರೆ, ನಮ್ಮವ್ವ ಆಡೂದು ಬ್ಯಾರೆ ಇರ್ತದ್ರೀ ಕಾಕಾ."

ಜೀಶಾನ್ ನಕ್ಕ. ಬಂಡುಕಾಕಾ ನಗಲಿಲ್ಲ.

ಅಷ್ಟರಲ್ಲಿ ಶುಭದಾ ತಂಬೂರಿಯ ಎದುರು ಕುಳಿತು ಮೇಲಿನ ಷಡ್ಜ ಹಿಡಿದು ನೋಡಿದರು. ಧ್ವನಿ ಒಡೆಯಿತು. ನೆಗಡಿ ಇಳಿದಿರಲಿಲ್ಲ. "ಇವತ್ತ ಐದೂವರೆ ಮನಿ ಶ್ರುತಿ ಆಗಂಗಿಲ್ರೀ ಮಾಸ್ತರ್. ಐದಕ್ಕ ಹಾಡ್ತೀನಿ," ಎಂದರು.

ಹಾಡುವವರಿಗೆ ಇದು ಅರ್ಧ ಮನೆಯ ಇಳಿತ. ಪಕ್ಕವಾದ್ಯದವರಿಗೆ ಒಬ್ಬೊಬ್ಬರಿಗೆ ಒಂದೊಂದು ಬಗೆ. ಕಚೇರಿಗೆಂದು ಬಂದಿದ್ದ ಪಿಟೀಲಿನವರು ತಂತಿಯ ಬಿರಟೆ ತಿರುವಿದರು. ಪವಮಾನ ಮಾಸ್ತರರು ಮೃದಂಗದ ಬಲಮುಖದ ಅಂಚನ್ನು ಸುತ್ತಲೂ ಕೆಳಗಿನಿಂದ ತಟ್ಟಿ ಬಿಗಿ ಸಡಿಲಿಸಿದರು. ಜೀಶಾನನಿಗೆ ಚಿಂತೆಯೇ ಇಲ್ಲ. ಖಂಜಿರದ ಆಡಿನ ಚರ್ಮಕ್ಕೆ ಒಳಗಿನಿಂದ ನೀರು ಸವರಿದರೆ ಅದು ಸಡಿಲಾಗಿ ತಗ್ಗಿನ ದನಿ ಕೊಡುತ್ತದೆ. ಒಂದು ನಿಶ್ಚಿತ ಸ್ವರಕ್ಕೆ ಅದು ಅಂಟಿಕೊಂಡಿರುವುದಿಲ್ಲ. ಪಂಚಶೀಲಾ ಮೋರ್ಸಿಂಗಿನ ಕಡ್ಡಿಯ ತುದಿಗೆ ಸಾಸಿವೆಯಷ್ಟು ಜೇನುಮೇಣ ಮೆತ್ತಿದಳು. ತುದಿ ಭಾರವಾದಂತೆ ಸ್ವರ ಇಳಿಯುತ್ತದೆ. ತುಸು ತೆಗೆದು, ತುಸು ಹಚ್ಚಿ, ತಂಬೂರಿಯೊಡನೆ ಅದು ಒಂದಾಗಿ ಝೇಂಕರಿಸುವವರೆಗೆ ಬಿಡಲಿಲ್ಲ.

ಉಳಿದದ್ದು ಘಟ. ಸುಟ್ಟ ಮಣ್ಣಿಗೆ ಒಂದೇ ಶ್ರುತಿ. ಐದು ಮನೆಯ ಘಟ ಕಲಬುರಗಿಯಲ್ಲಿತ್ತು.

"ಎರಡೂ ತರಬೇಕಿತ್ತಲ್ರೀ?" ಎಂದರು ಶುಭದಾ.

"ಬಸ್ಸಿನಾಗ ಎರಡು ಗಡಿಗಿ ತಂದ್ರ ಒಂದಕ್ಕೊಂದು ಬಡ್ಕೊಂಡು ಒಡೀತಾವ. ಒಂದನ್ನ ತೊಡಿ ಮ್ಯಾಲಿಟ್ಟು, ಕೌದಿ ಸುತ್ತಿ ಕೂಸಿನ್ಹಂಗ ತರ್ತೀನಿ," ಎಂದು ಬಂಡುಕಾಕಾ ಪಂಚಶೀಲಾಳತ್ತ ತಿರುಗಿದರು. "ಈಗ ಹೋಗಿ ತರಾಕ ಆಗ್ತದೇನವಾ?"

"ಈಗ ಹೋದ್ರ ನೀವು ವಾಪಸ್ ಬರೂದ್ರಾಗ ಶುಭದಾ ಅಕ್ಕ ಮಂಗಳ ಹಾಡ್ತಿರ್ತಾರ್ರೀ."

ಭವನದ ಅಡುಗೆಮನೆಯಿಂದ ಕಣಕ ತರಿಸಿ ಘಟದ ಒಳಗೋಡೆಗೆ ಮೆತ್ತಿ ನೋಡಿದರು. ಸ್ವರ ಇಳಿಯಿತೋ ಇಲ್ಲವೋ, ನಾದವಂತೂ ಸತ್ತಿತು. "ಕಾಕಾ, ಇನ್ನ ಸ್ವಲ್ಪ ಹಚ್ಚಿದ್ರ ಚಪಾತಿ ಆಗ್ತಾವ," ಎಂದ ಜೀಶಾನ್. ಬಂಡುಕಾಕಾ ಕಣಕ ಕಿತ್ತು ತೆಗೆದರು. ಮುಖ ಬಾಡಿತ್ತು.

"ನಾ ಸುಮ್ನ ಕೂಡ್ತೀನ್ರೀ ಮಾಸ್ತರ್. ನೀವೊಬ್ಬರ ತನಿ ಮುಗಿಸಿಬಿಡ್ರಿ."

ಪಂಚಶೀಲಾ ತಡಮಾಡಲಿಲ್ಲ. "ಮಾಸ್ತರ್, ನಿಮ್ಮ ಬೆನ್ನಿಗೆ ನಾ ಎತ್ಕೋತೀನ್ರೀ. ಶ್ರುತಿ ನನ್ನ ಬಾಯಾಗ ಅದ."

ಮಾಸ್ತರರು ಅವಳನ್ನು ದಿಟ್ಟಿಸಿದರು. "ಮೃದಂಗದ ಅಬ್ಬರ ಆದಮ್ಯಾಲ ನಿನ್ನ ಸಣ್ಣ ದನಿ. ಮಂದಿ ಎದ್ದು ಹೋದ್ರ?"

"ಹೋಗಂಗಿಲ್ರೀ. ಬಸ್ ಬಿಡಾಕಿ ನಾನ ಇಲ್ಲಿ ಕೂತೀನಿ."

ಅವಳ ಮಾತಿಗೆ ಮಾಸ್ತರರೂ ನಕ್ಕುಬಿಟ್ಟರು. "ಆಗಲಿ, ಘಟದ ವ್ಯಾಳ್ಯಾ ನಿಮ್ಮಿಬ್ಬರಿಗೆ. ನಿನ್ನ ಬೆನ್ನಿಗೆ ಜೀಶಾನ್," ಎಂದರು. ಬಂಡುಕಾಕಾ ಮಾತ್ರ ತಲೆ ತಗ್ಗಿಸಿ, ಬೇಸರದಲ್ಲಿ ಘಟದ ಕತ್ತನ್ನು ಬೆರಳ ತುದಿಯಿಂದ ತಟ್ಟುತ್ತ ಕುಳಿತಿದ್ದರು. ಟಿಕ್ ಟಿಕ್ ಎಂಬ ಗರಿಗರಿ ಶಬ್ದ. ಪಂಚಶೀಲಾ ಕಿವಿಗೊಟ್ಟಳು. ಘಟದ ಹೊಟ್ಟೆಗೆ ಬಡಿದರೆ ಸ್ವರ ಮೊಳಗುತ್ತದೆ. ಕತ್ತಿನ ಪೆಟ್ಟಿನಲ್ಲಿ ಸ್ವರಕ್ಕಿಂತ ಚುರುಕೇ ಹೆಚ್ಚು.

"ಕಾಕಾ, ಅಲ್ಲೇ ನುಡಸ್ರಿ. ತಂಬೂರಿಗೆ ಅಡ್ಡ ಬರಾಕತ್ತಿಲ್ಲ."

ಅವರು ಕೈ ನಿಲ್ಲಿಸಿ ತಾವೇ ಕೇಳಿಕೊಂಡರು. ಬಳಿಕ ಘಟದ ಬಾಯನ್ನು ಹೊಟ್ಟೆಗೆ ಒತ್ತಿ ಒಂದು ಮಂದ್ರದ ಗುಂಕಾರ ತೆಗೆದು ನೋಡಿದರು. "ಹೂಂ. ಇಷ್ಟ ನುಡಿಸಬಹುದು," ಎಂದರು.

ಕಚೇರಿ ಆರಂಭವಾಯಿತು. ಪಲ್ಲವಿಯಲ್ಲಿ ಮೃದಂಗವೊಂದೇ. ಮುಂದೆ ಮಾಸ್ತರರ ಕಣ್ಸನ್ನೆ ಬಂದಾಗ ಮಾತ್ರ ಒಬ್ಬೊಬ್ಬರು ಸೇರಿ, ಸಾಹಿತ್ಯ ಮೆತ್ತಗಾದಾಗ ಹಿಂದೆ ಸರಿಯುತ್ತಿದ್ದರು. ಬಂಡುಕಾಕಾ ಹಾಡಿನುದ್ದಕ್ಕೂ ಬಹುತೇಕ ಮೌನವಾಗಿದ್ದರು.

ಪ್ರಧಾನ ಕೃತಿಯ ಕೊನೆಗೆ ಶುಭದಾ ಕೈಯಲ್ಲಿ ತಾಳ ಹಾಕುತ್ತ ಹಾಡು ನಿಲ್ಲಿಸಿದರು. ಮಾಸ್ತರರು ಮಳೆ ಸುರಿಸಿದಂತೆ ನುಡಿಸಿ, ಸರದಿಯ ಕೊನೆಯ ತೀರ್ಮಾನದ ಸೊಲ್ಲು ಮುಗಿಸಿ, ಪಂಚಶೀಲಾಳತ್ತ ತಲೆಯಾಡಿಸಿದರು.

ಅವಳು ವೇಗಕ್ಕೆ ಹೋಗಲೇ ಇಲ್ಲ. ವಿಳಂಬದಲ್ಲಿ ಒಂದೊಂದೇ ಸೊಲ್ಲನ್ನು ಬಿಡಿಸಿಟ್ಟಳು. ಮೃದಂಗದ ಪೆಟ್ಟು ಹುಟ್ಟಿ ಬೇಗ ಆರುತ್ತದೆ. ಮೋರ್ಸಿಂಗಿನ ಸೊಲ್ಲು ಆರದೆ, ತಂಬೂರಿಯ ಎಳೆ ಹಿಡಿದು ಮುಂದಿನ ಸೊಲ್ಲಿನವರೆಗೆ ಹರಿಯುತ್ತದೆ. ಹಿಂದಿನ ಸಾಲಿನ ಪಿಸುಮಾತು ಅಡಗಿತು. ಚಾಲಕನೊಬ್ಬ ತನ್ನ ಪಕ್ಕದವನ ಮೊಣಕಾಲು ಹಿಡಿದು ಮುಂದಕ್ಕೆ ಬಾಗಿದ. ಆಮೇಲೆ ಅವಳು ಅದೇ ಸೊಲ್ಲುಗಳನ್ನು ಇಮ್ಮಡಿ ಕಾಲಕ್ಕೆ ಏರಿಸಿದಾಗ, ಓಡುತ್ತಿರುವುದು ಅದೇ ಮಾತೆಂದು ಎಲ್ಲರಿಗೂ ತಿಳಿಯಿತು.

ಜೀಶಾನ್ ಅವಳ ನಡೆಯನ್ನೇ ಎತ್ತಿಕೊಂಡ. ಎಡಗೈ ಬೆರಳಿನಿಂದ ಚರ್ಮ ಒತ್ತಿ ದನಿಯನ್ನು ಜಾರಿಸಿದಾಗ, ಅಷ್ಟು ಸಣ್ಣ ಬಳೆಯಂಥ ವಾದ್ಯದಿಂದ ನೆಲದಡಿಯ ಗುಡುಗು ಹೊರಟಿತು. ಅದರ ಮೇಲೆ ಬಿಲ್ಲೆಗಳ ಕಿಣಿಕಿಣಿ. ಬಳಿಕ ಸರದಿಗಳು ತಾಳದ ಒಂದು ಆವರ್ತಕ್ಕೆ, ಅರ್ಧಕ್ಕೆ, ಕಾಲಿಗೆ ಕುಗ್ಗುತ್ತ ಬಂದವು. ಆಗ ಬಂಡುಕಾಕಾ ಸೇರಿದರು. ಕತ್ತಿನ ಮೇಲೆ ಹತ್ತೂ ಬೆರಳು ಆಲಿಕಲ್ಲಿನಂತೆ ಸಿಡಿದವು. ಆ ಚುರುಕು ಮೋರ್ಸಿಂಗಿಗೂ ಇಲ್ಲ, ಖಂಜಿರಕ್ಕೂ ಇಲ್ಲ. ನಾಲ್ವರೂ ಕೂಡಿ ಮುಕ್ತಾಯಕ್ಕೆ ಕರೆದೊಯ್ಯುವ ಮೊಹರ ಹಿಡಿದು, ಕೊನೆಯ ಲೆಕ್ಕದ ಕಟ್ಟಾದ ಕೋರ್ವೆಯನ್ನು ಮೂರು ಸಲ ಹೇಳಿ, ಹಾಡು ಎತ್ತುವ ಜಾಗಕ್ಕೆ ಸರಿಯಾಗಿ ಇಳಿದರು. ಶುಭದಾ ಪಲ್ಲವಿ ಎತ್ತಿಕೊಂಡರು. ಚಪ್ಪಾಳೆಯಲ್ಲಿ ಆ ಸಾಲು ಯಾರಿಗೂ ಕೇಳಲಿಲ್ಲ.

ಮುಗಿದ ಮೇಲೆ ಪುತಳಾಬಾಯಿ ವೇದಿಕೆಯ ಹತ್ತಿರ ಬಂದು, "ಹಲ್ಲು ನೋಯ್ತಾವೇನ ಮಗಳ?" ಎಂದು ಕೇಳಿದಳು. "ಇಲ್ಲವ್ವ," ಎಂದಳು ಪಂಚಶೀಲಾ. ನೋವು ಸ್ವಲ್ಪ ಇತ್ತು.

ಬಂಡುಕಾಕಾ ಕೌದಿಯಲ್ಲಿ ಘಟ ಸುತ್ತುತ್ತ ತಲೆ ಎತ್ತದೆ ಹೇಳಿದರು: "ಮುಂದಿನ ಕೋಟನೂರದ ಕಚೇರಿಗೆ ಅರ್ಧ ತಾಸು ಹೆಚ್ಚು ಕೇಳ್ತೀನಿ. ನಾಕೂ ಮಂದಿ ಸರದಿ ಅದ. ಮಾಸ್ತರ್ ಆದಮ್ಯಾಲ ಮೊದಲು ನೀನ ಎತ್ಕೋ."

"ನೀವು ಹಿರಿಯರು ಇದ್ದೀರಲ್ರೀ ಕಾಕಾ."

"ಹಿರಿಯ ಇದ್ದದ್ದಕ್ಕ ಹೇಳಾಕತ್ತೀನಿ," ಎಂದು ಅವರು ಗಂಟು ಬಿಗಿದರು.