ಮುಂಬೈಯ ಎಂಟು ದಿನ

ಹಡಗಿನವರ ಟ್ಯಾಕ್ಸ್ ಕಾಗದ ನೋಡುವುದೆಂದರೆ ನನಗೆ ಮೊದಲು ಬರುವುದು ಸಿಟ್ಟು. ಬೈಂದೂರು, ಶಿರೂರು ಕಡೆಯಿಂದ ಬರುವ ಹಡಗಿನ ಅಡುಗೆಯವರು, ಪೈಂಟಿನವರು, ಎಂಜಿನ್ ರೂಮಿನವರು ಎಲ್ಲರೂ ಕುಂದಾಪುರದ ನನ್ನ ಆಫೀಸಿನ ಮೆಟ್ಟಿಲು ಹತ್ತುವುದು ಒಂದೇ ಸಂಖ್ಯೆ ಬಾಯಿಪಾಠ ಮಾಡಿಕೊಂಡು. ನೂರ ಎಂಬತ್ತೆರಡು ದಿನ ಹೊರಗಿದ್ದರೆ ಆಯಿತು, ಟ್ಯಾಕ್ಸ್ ಇಲ್ಲ, ಅಲ್ದಾ ಸರ್? ಅಲ್ಲ ಮಾರಾಯ್ರೆ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಕಾನೂನು ನೀವು ಹೊರಗಿದ್ದ ದಿನ ಎಣಿಸುವುದಿಲ್ಲ, ಭಾರತದೊಳಗೆ ಇದ್ದ ದಿನ ಎಣಿಸುತ್ತದೆ. ಏಪ್ರಿಲ್ ಒಂದರಿಂದ ಮಾರ್ಚ್ ಮೂವತ್ತೊಂದರ ಒಳಗೆ ನೂರ ಎಂಬತ್ತೆರಡು ದಿನ ಇಲ್ಲಿ ಇದ್ದಿರೋ, ನೀವು ಇಲ್ಲಿನ ನಿವಾಸಿ. ಸಮುದ್ರದ ಮೇಲೆ ದುಡಿದ ಇಡೀ ವರ್ಷದ ಸಂಬಳ ಇಲ್ಲಿನ ಟ್ಯಾಕ್ಸಿಗೆ ಬರುತ್ತದೆ. ಹಾಗಾಗಿ ಇಲ್ಲಿ ನೂರ ಎಂಬತ್ತೊಂದಕ್ಕಿಂತ ಹೆಚ್ಚಾಗಬಾರದು. ಅಂದರೆ ಹೊರಗೆ ನೂರ ಎಂಬತ್ತನಾಲ್ಕಾದರೂ ಆಗಬೇಕು. ಎರಡೇ ದಿನದ ವ್ಯತ್ಯಾಸ, ಆದರೆ ಆ ಎರಡು ದಿನದಲ್ಲಿ ಜನ ಮುಳುಗುವುದನ್ನು ನಾನು ನೋಡಿದ್ದೇನೆ.

ಮಾರ್ಚ್ ತಿಂಗಳ ಎರಡನೇ ವಾರ. ಬೆಳಿಗ್ಗೆ ಬ್ರಹ್ಮಾವರದಿಂದ ನಿಂತುಕೊಂಡೇ ಬಂದ ಬಸ್ಸಿನ ಕಿರಿಕಿರಿ ಇನ್ನೂ ಇಳಿದಿರಲಿಲ್ಲ. ಶಿರೂರಿನ ಹತ್ತಿರದ ಒಬ್ಬ ಹಡಗಿನ ಅಡುಗೆಯವರ ಹೆಂಡತಿ ಒಳಗೆ ಬಂದರು. ಅವರ ಮನೆಯ ಹಿರಿಯರೆಲ್ಲ ಮೀನುಗಾರಿಕೆಯವರು. ದೊಡ್ಡ ಹಡಗು ಹತ್ತಿದ್ದು ಇವರ ಗಂಡನೇ ಮೊದಲು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಕಂಕುಳಲ್ಲಿ ಸುತ್ತಿದ ಎರಡು ಗೋಡೆ ಕ್ಯಾಲೆಂಡರು. ಹಳೆ ವರ್ಷದ್ದೊಂದು, ಈ ವರ್ಷದ್ದೊಂದು. ನನ್ನ ಮೇಜಿನ ಮೇಲಿದ್ದ ಫೈಲುಗಳನ್ನು ತಾವೇ ಪಕ್ಕಕ್ಕೆ ಸರಿಸಿ ಎರಡನ್ನೂ ಹರಡಿದರು. ಸೆಪ್ಟೆಂಬರ್ ಹದಿನೆಂಟಕ್ಕೆ ಪೆನ್ಸಿಲಿನಲ್ಲಿ ಒಂದು ಸುತ್ತು. ಅಲ್ಲಿಂದ ಮುಂದೆ ದಿನಕ್ಕೊಂದು ಗೀಟು, ಒಂದನ್ನೂ ಬಿಡದೆ. ಮೊದಲಿಗೆ ಏಪ್ರಿಲಿನ ಮೂರು ದಿನವನ್ನೂ ಸೇರಿಸಿಕೊಂಡಿದ್ದರು, ಗಂಡ ಹೋದ ವರ್ಷ ಊರಿಗೆ ಇಳಿದದ್ದು ಏಪ್ರಿಲ್ ನಾಲ್ಕಕ್ಕಾದ್ದರಿಂದ. ಮಾರ್ಚ್ ಹದಿನಾರಕ್ಕೆ ನೂರ ಎಂಬತ್ತೆರಡು ಮುಗಿಯುತ್ತದೆ, ಹದಿನೇಳಕ್ಕೆ ಅವರು ಬರುತ್ತಾರೆ, ಸಿಂಗಾಪುರದಲ್ಲಿ ಬದಲಿ ಜನ ಸಿದ್ಧ ಇದ್ದಾರೆ, ಕಂಪೆನಿಗೆ ಇವತ್ತು ಸಂಜೆಯೊಳಗೆ ಹೌದು ಅನ್ನಬೇಕು, ನಿಮ್ಮ ಹತ್ತಿರ ಒಂದು ಮಾತು ಕೇಳು ಎಂದಿದ್ದಾರೆ ಎಂದರು.

ಅಷ್ಟು ಶ್ರದ್ಧೆಯ ಲೆಕ್ಕ ನೋಡಿ ನನಗೆ ಖುಷಿಯೇ ಆಯಿತು ಅನ್ನಿ. ಆದರೂ ಅಭ್ಯಾಸ ನೋಡಿ, ಪಾಸ್‌ಪೋರ್ಟಿನ ಪ್ರತಿ ಕೇಳಿದೆ. ಸಿಂಗಾಪುರಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿ ಹಡಗು ಹತ್ತಿದವರಿಗೆ ನಮ್ಮ ವಿಮಾನ ನಿಲ್ದಾಣದಲ್ಲಿ ಒತ್ತಿದ ಮೊಹರೇ ಆಧಾರ. ಮೊಹರಿನಲ್ಲಿ ಸೆಪ್ಟೆಂಬರ್ ಇಪ್ಪತ್ತಾರು ಎಂದಿತ್ತು.

ಹದಿನೆಂಟಕ್ಕೆ ಹೋದರು ಎಂದಿರಲ್ಲ, ಈ ಎಂಟು ದಿನ ಎಲ್ಲಿದ್ದರು ಎಂದು ಕೇಳಿದೆ. ಮುಂಬೈಯಲ್ಲಿ, ಕಂಪೆನಿಯವರ ರೂಮಿನಲ್ಲಿ, ವೀಸಾ ಬರುವುದು ತಡವಾಯಿತು ಎಂದರು. ನನಗೆ ರೇಗಿತು. ಮುಂಬೈ ಯಾವಾಗಿನಿಂದ ಫಾರಿನ್ ಆಯಿತು ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿಬಿಟ್ಟೆ. ಅವರು ಹೆದರಲಿಲ್ಲ.

"ಹ್ವಾಯ್, ಮನಿ ಬಿಟ್ಟ್ ಹ್ವಾದ್ರ್ ಅಂದ್ರೆ ಹ್ವಾದ್ರೇ ಅಲ್ದಾ? ಮುಂಬೈಯಗಿದ್ರೆ ನಮ್ಗೆಂತ ಸಿಕ್ತ್?"

ಈ ಕರಾವಳಿಯ ಎಷ್ಟೋ ಮನೆಗಳಲ್ಲಿ ಲೆಕ್ಕ ಶುರುವಾಗುವುದೇ ಹೀಗೆ. ಬಸ್ಸು ಹತ್ತಿಸಿ ಬಂದ ಹೆಂಗಸರಿಗೆ ಮುಂಬೈಯೂ ಒಂದೇ, ಸಿಂಗಾಪುರವೂ ಒಂದೇ. ನಾನು ಕಾಗದ ತೆಗೆದುಕೊಂಡು ಅವರೆದುರೇ ಕೂಡಿಸಿದೆ. ಬಂದ ದಿನ, ಹೋದ ದಿನ ಎರಡನ್ನೂ ನಾನು ಇಲ್ಲಿಯ ಲೆಕ್ಕಕ್ಕೇ ಹಾಕುತ್ತೇನೆ. ಅದರ ಬಗ್ಗೆ ವಾದ ಮಾಡುವವರಿದ್ದಾರೆ, ಬಡವರ ತಲೆಯ ಮೇಲೆ ಆ ವಾದ ಹೂಡಲು ನನಗೆ ಧೈರ್ಯವಿಲ್ಲ. ಏಪ್ರಿಲಿನಲ್ಲಿ ಇಪ್ಪತ್ತೇಳು, ಆಗಸ್ಟ್ ಕೊನೆಗೆ ನೂರ ಐವತ್ತು, ಸೆಪ್ಟೆಂಬರಿನ ಇಪ್ಪತ್ತಾರು. ನೂರ ಎಪ್ಪತ್ತಾರು. ನಡುವೆ ಹಡಗು ಭಾರತದ ಯಾವ ಬಂದರಿಗೂ ಬಂದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹಾಗಾದರೆ ಮಾರ್ಚ್ ಮೂವತ್ತೊಂದರೊಳಗೆ ಉಳಿದದ್ದು ಐದೇ ದಿನ. ಇಪ್ಪತ್ತೇಳಕ್ಕೆ ಬರಲಿ, ಹತ್ತು ದಿನ ಸಿಂಗಾಪುರದಲ್ಲೇ ಇರಲಿ, ಅದರಲ್ಲೇನಿದೆ ಎಂದೆ.

ಅವರು ಹೊಸ ಕ್ಯಾಲೆಂಡರಿನ ಮಾರ್ಚ್ ಇಪ್ಪತ್ತರ ಮೇಲೆ ಬೆರಳಿಟ್ಟರು. ಆ ಮನೆಯೊಳಗೆ ಒಂದು ಸಣ್ಣ ಚುಕ್ಕಿ ಇತ್ತು.

"ಇಪ್ಪತ್ತಕ್ಕೆ ಮಾವಯ್ಯನ ವರ್ಷಾಂತಿಕ. ಇವ್ರೊಬ್ರೇ ಮಗ."

ಮದುವೆಯೋ ಗೃಹಪ್ರವೇಶವೋ ಆಗಿದ್ದರೆ ಹತ್ತು ದಿನ ಮುಂದೆ ಹಾಕಿ ಎಂದು ನಾನೇ ಉಪದೇಶ ಮಾಡುತ್ತಿದ್ದೆ. ಪಂಚಾಂಗ ನೋಡಿ ಬರುವ ತಿಥಿಗೆ ಅದನ್ನು ಹೇಳುವಂತಿಲ್ಲ. ಅದೂ ಅಲ್ಲದೆ ಆ ಸಾವಿನಲ್ಲಿ ನನ್ನದೂ ಒಂದು ಪಾಲಿತ್ತು. ಇದನ್ನು ನಾನು ಈವರೆಗೆ ಮನೆಯಲ್ಲೂ ಹೇಳಿಲ್ಲ.

ಹೋದ ವರ್ಷ, ಇದೇ ಮಾರ್ಚಿನಲ್ಲಿ, ಅವರ ಗಂಡನ ಹಡಗು ಒಂದು ಬಂದರಿನಲ್ಲಿ ನಿಂತಿತ್ತು. ಇಳಿಯುವ ಅವಕಾಶವೂ ಇತ್ತು. ನನಗೊಂದು ಮೆಸೇಜು ಬಂತು: ಈಗ ಇಳಿದರೆ ದಿನ ಸಾಕಾಗುತ್ತದಾ ಸರ್, ಅಪ್ಪಯ್ಯನಿಗೆ ಸ್ವಲ್ಪ ಜ್ವರ ಅಂತೆ. ಮಾರ್ಚ್ ಅಂದರೆ ನನಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಎಣಿಸಿದೆ, ಏಳು ದಿನ ಕಡಿಮೆ ಇತ್ತು. 'ಸಾಲದು, ಇನ್ನೂ ಏಳು ದಿನ ಬೇಕು' ಎಂದು ಕಳಿಸಿದೆ. ಜ್ವರದ ವಿಷಯ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹುಷಾರಾಗಿದ್ದಾರಾ ಎಂಬ ಒಂದು ಮಾತೂ ಬರೆಯಲಿಲ್ಲ. ಅವರು ಇಳಿಯಲಿಲ್ಲ. ಹಡಗು ಬಂದರು ಬಿಟ್ಟಿತು. ಮಾರ್ಚ್ ಮೂವತ್ತೊಂದರ ಬೆಳಿಗ್ಗೆ ತಂದೆ ಹೋದರು. ಮಗ ನೆಲ ಮುಟ್ಟಿ ಊರಿಗೆ ಬರುವಾಗ ಏಪ್ರಿಲ್ ನಾಲ್ಕು. ಬೆಂಕಿ ಕೊಟ್ಟದ್ದು ಅಣ್ಣನ ವರಸೆಯ ಯಾರೋ. ಆ ವರ್ಷದ ನನ್ನ ಲೆಕ್ಕ ಮಾತ್ರ ಸರಿಯಾಗಿತ್ತು.

ಇಷ್ಟೆಲ್ಲ ನೆನಪಾಗುತ್ತಿದ್ದಂತೆ ಎದುರಿಗೆ ಕೂತ ಹೆಂಗಸು ಕ್ಯಾಲೆಂಡರು ಸುತ್ತಲು ಶುರುಮಾಡಿದರು. ಬೈಗುಳವಿಲ್ಲ, ಅಳುವಿಲ್ಲ. ಟ್ಯಾಕ್ಸ್ ಎಷ್ಟಾಗುತ್ತದೆ ಎಂದು ಕೇಳಿದರು. ಹೇಳಿದೆ. ಮಗಳ ನರ್ಸಿಂಗ್ ಕಾಲೇಜಿನ ಎರಡು ವರ್ಷ ಅದರಲ್ಲಿ ಹೋಗುತ್ತದೆ ಎಂದು ಅವರೇ ಮೆಲ್ಲಗೆ ಹೇಳಿಕೊಂಡರು. ನನಗೆ ನನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು. ಕೂತ್ಕೊಳ್ಳಿ ಅಕ್ಕ, ಎಲ್ಲಿ ಹೋಗುತ್ತೀರಿ, ಐದು ದಿನ ಉಳಿದಿದೆ ಎಂದೆನಲ್ಲ, ಆ ಐದು ಕೊನೆಯ ಐದೇ ಆಗಬೇಕೆಂದು ಯಾರು ಹೇಳಿದರು ಎಂದು ಅವರ ಮೇಲೆಯೇ ರೇಗಿದೆ.

ನಿಜವಾಗಿ ಅದು ಬಾಯಿಗೆ ಬಂದ ಮೇಲೆಯೇ ನನಗೂ ಹೊಳೆದದ್ದು. ಕಾನೂನಿಗೆ ಒಟ್ಟು ದಿನ ಸಾಕು, ಒಟ್ಟಿಗೇ ಇರಬೇಕೆಂದಿಲ್ಲ. ಹದಿನೆಂಟಕ್ಕೆ ಬರಲಿ, ಇಪ್ಪತ್ತಕ್ಕೆ ಕಾರ್ಯ ಮಾಡಲಿ, ಇಪ್ಪತ್ತೆರಡಕ್ಕೆ ಮತ್ತೆ ಹೊರಗೆ ಹೋಗಲಿ. ಏಪ್ರಿಲ್ ಒಂದಕ್ಕೆ ವಾಪಸು. ಆ ನಡುವಿನ ಒಂಬತ್ತು ದಿನ ಎಲ್ಲಿರುವುದು? ಎದುರಿಗೆ ಕೂತ ಅಕ್ಕನ ತಮ್ಮ ದುಬೈಯಲ್ಲಿ ಹೋಟೆಲಿನ ಕೆಲಸದಲ್ಲಿದ್ದ, ಅವನ ರೂಮಿನಲ್ಲಿ ಒಬ್ಬನಿಗೆ ಹಾಸಲು ಜಾಗ ಇತ್ತು. ಟಿಕೆಟಿನ ಖರ್ಚು ಬೀಳುತ್ತದೆ, ಆದರೂ ಟ್ಯಾಕ್ಸಿಗಿಂತ ಎಷ್ಟೋ ವಾಸಿ.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ, ಎರಡು ದಿನ ಬಿಟ್ಟು ಅವರ ಗಂಡ ಕಂಪೆನಿ ಕೊಟ್ಟ ಟಿಕೆಟಿನ ಫೋಟೋ ಕಳಿಸಿದರು. ಮುಂಬೈಗೆ ಇಳಿಯುವುದು ಹದಿನೇಳರ ರಾತ್ರಿ ಹನ್ನೊಂದೂವರೆಗೆ. ಹನ್ನೆರಡಕ್ಕೆ ಮೊದಲು ಮೊಹರು ಬಿದ್ದರೆ ಐದು ಹೋಗಿ ಆರಾಗುತ್ತದೆ, ನೂರ ಎಂಬತ್ತೆರಡು ಭರ್ತಿ. ಈ ಸಲ ಮೆಸೇಜು ಬರೆಯಲಿಲ್ಲ, ನೇರ ಫೋನು ಮಾಡಿದೆ. ಮೊದಲು ತಾಯಿ ಹೇಗಿದ್ದಾರೆ, ನೀವು ಹೇಗಿದ್ದೀರಿ ಎಂದು ಕೇಳಿದೆ. ಆಮೇಲೆ ಟಿಕೆಟ್ ಬದಲಿಸಲು ಹೇಳಿದೆ. ಅವರು ಕಂಪೆನಿಯವರ ಕೈಕಾಲು ಹಿಡಿದು ಹದಿನೆಂಟರ ಬೆಳಿಗ್ಗೆ ಇಳಿಯುವ ವಿಮಾನ ಹಿಡಿದರು.

ಇಪ್ಪತ್ತಕ್ಕೆ ನಾನೂ ಹೋಗಿದ್ದೆ. ಕರೆದಿದ್ದರು, ಕರೆಯದಿದ್ದರೂ ಹೋಗುತ್ತಿದ್ದೆನೋ ಏನೋ. ಒದ್ದೆ ಪಂಚೆ ಉಟ್ಟು ಭಟ್ಟರು ಹೇಳಿದ್ದನ್ನೆಲ್ಲ ಮಾಡುತ್ತಿದ್ದ ಮಗನನ್ನು ತಾಯಿ ಬಾಗಿಲ ಹತ್ತಿರ ಕೂತು ನೋಡುತ್ತಿದ್ದರು. ಅಂಗಳದ ಮೂಲೆಯಲ್ಲಿ ಕಾಗೆಗಳು ಬೇಗ ಬಂದವು. ಅದನ್ನು ನೋಡಿ ತಾಯಿ ಮುಖ ಮುಚ್ಚಿಕೊಂಡು ಅತ್ತರು. ನನಗೆ ಊಟ ಸೇರಲಿಲ್ಲ. ಯಾರೂ ನನ್ನನ್ನು ದೂರಲಿಲ್ಲ, ಎರಡನೇ ಸಲ ಪಾಯಸ ಬಡಿಸಿದರು.

ಇಪ್ಪತ್ತೆರಡು ಭಾನುವಾರ. ಮಾರ್ಚ್ ಕೊನೆಯಲ್ಲಿ ನಮಗೆ ಭಾನುವಾರ ಎಂಬುದಿಲ್ಲ. ಮಂಗಳೂರಿನಿಂದ ಸಂಜೆಯ ವಿಮಾನಕ್ಕೆ ಹೋಗುವ ದಾರಿಯಲ್ಲಿ ಅವರು ಕುಂದಾಪುರದಲ್ಲಿ ಕಾರು ನಿಲ್ಲಿಸಿ ಮೇಲೆ ಬಂದರು. ಬೋಳಿಸಿದ ತಲೆ, ಭುಜಕ್ಕೆ ಒಂದೇ ಸಣ್ಣ ಚೀಲ. ಮನೆಯಲ್ಲಿ ತಾಯಿಗೆ ದುಬೈಯಲ್ಲಿ ಕಂಪೆನಿಯ ಕೆಲಸ ಇದೆ ಎಂದು ಹೇಳಿದ್ದರಂತೆ. ದಿನ ಎಣಿಸಿಕೊಂಡು ಹೋಗುತ್ತಿದ್ದೇನೆ ಎಂದು ಆ ಮುದುಕಿಗೆ ಹೇಗೆ ಹೇಳುವುದು? ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟರು. ಹದಿನೆಂಟರ ಮೊಹರು ಸ್ವಚ್ಛವಾಗಿ ಬಿದ್ದಿತ್ತು. ಇವತ್ತಿನದು ಸೇರಿದರೆ ನೂರ ಎಂಬತ್ತೊಂದು. ಮತ್ತೊಮ್ಮೆ ಕೂಡಿಸಿದೆ, ಅಷ್ಟೇ ಬಂತು.

ಹೋದ ವರ್ಷದ ಮಾತು ಇವತ್ತಾದರೂ ಆಡಿಬಿಡಬೇಕೆಂದು ನಾನು ಬಾಯಿ ತೆಗೆದೆ. ಆ ಏಳು ದಿನದ ವಿಷಯ, ನನ್ನಿಂದ ತಪ್ಪಾಯಿತು ಎನ್ನುವಷ್ಟರಲ್ಲಿ ಅವರು ತಡೆದರು.

"ನೀವ್ ಹೇಳದ್ದ್ ಸಮವೇ ಇತ್ತ್ ಸರ್. ನಾ ಕೇಂಡದ್ದೇ ತಪ್ಪ್. ದಿನ ಸಾಕಾ ಅಂದ್ ಕೇಂಡೆ. ಮನಿಗೆ ಬರ್ಕಾ ಅಂದ್ ಕೇಣ್ಲೇ ಇಲ್ಲೆ."

ಮನೆಗೆ ಬರಬೇಕಾ ಎಂಬುದನ್ನು ನನ್ನ ಹತ್ತಿರ ಕೇಳುವುದಲ್ಲ, ಅದು ಲೆಕ್ಕದ ಪ್ರಶ್ನೆಯಲ್ಲ ಎಂದು ಹೇಳಬೇಕಾಗಿತ್ತು. ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟೆ. ಅವರು ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಏಪ್ರಿಲ್ ಒಂದಕ್ಕೆ ಬತ್ತೆ ಎಂದು ಮೆಟ್ಟಿಲು ಇಳಿದರು.